ಮೂರು ಲಕೋಟೆ, ಒಂದೇ ದರ: ಬೆಲೆ ಒಪ್ಪಂದದ ಆದೇಶವೊಂದನ್ನು ಓದುವ ಬಗೆ

ಪ್ರಶ್ನೆ: ನಾನು ಕುಂಬಳೆ ಕಡೆಯವನು. ನಮ್ಮದು ಸಣ್ಣ ಗುತ್ತಿಗೆದಾರರ ಒಂದು ಸಂಘ, ನಾನು ಅದರ ಕಾರ್ಯದರ್ಶಿ. ಸ್ಪರ್ಧಾ ಆಯೋಗದ ಯಾವುದಾದರೂ ಒಂದು ಆದೇಶದ ಸಾರವನ್ನು ಕನ್ನಡದಲ್ಲಿ ಎರಡು ಪುಟ ಬರೆದು ಸದಸ್ಯರಿಗೆ ಕೊಡು ಅಂತ ಅಧ್ಯಕ್ಷರು ಹೇಳಿದ್ದಾರೆ. ಒಂದನ್ನು ಓದಲು ಕೂತೆ, ತಲೆಬುಡ ಗೊತ್ತಾಗಲಿಲ್ಲ. ಸಾಕ್ಷಿ ಯಾವುದು, ಮಾರುಕಟ್ಟೆ ಅಂದರೆ ಯಾವುದು, ದಂಡದ ಲೆಕ್ಕ ಎಲ್ಲಿಂದ ಬಂತು? ಇಬ್ಬರು ಒಂದೇ ದರ ಹಾಕಿದರೆ ಅಷ್ಟಕ್ಕೇ ತಪ್ಪಾಗುತ್ತದಾ? ನಾವು ಸಂಘದಲ್ಲಿ ದರಪಟ್ಟಿ ಮಾಡುತ್ತೇವೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ ಮೇಡಂ?

ಉತ್ತರ:

ನಿಮ್ಮ ಸದಸ್ಯರು ಟೆಂಡರ್ ಹಾಕುವವರು. ಹಾಗಾಗಿ ಟೆಂಡರಿನ ಪ್ರಕರಣವನ್ನೇ ಆರಿಸಿ. ನಾನು ಸೂಚಿಸುವುದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳ ಪ್ರಕರಣ. ಗೋದಾಮಿನಲ್ಲಿ ಧಾನ್ಯಕ್ಕೆ ಹುಳ ಬೀಳದಂತೆ ಇಡುವ, ವಿಷದ ಗ್ಯಾಸ್ ಬಿಡುವ ಮಾತ್ರೆ ಇದು. ನೀಲೇಶ್ವರದಲ್ಲಿರುವಂಥ ಎಫ್‌ಸಿಐ ಎಂಬ ಭಾರತೀಯ ಆಹಾರ ನಿಗಮದ ಗೋದಾಮುಗಳಿಗೆ, ಅಂದರೆ ನಮ್ಮ ರೇಷನ್ ಅಕ್ಕಿ ಬರುವ ಜಾಗಗಳಿಗೆ, ಬೇಕಾದ ವಸ್ತು. ವ್ಯಾಪಾರದಲ್ಲಿ ಪೈಪೋಟಿ ಕೆಡದಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗದ ಆದೇಶ ಬಂದದ್ದು 2012ರ ಏಪ್ರಿಲ್ 23ಕ್ಕೆ. ಅದು ಮೇಲ್ಮನವಿ ನ್ಯಾಯಮಂಡಳಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ 2017ರ ಮೇ 8ಕ್ಕೆ ಮುಗಿಯಿತು. ಕೊನೆಯವರೆಗೂ ಓದಲು ಸಿಗುವ ಪ್ರಕರಣ ಅನ್ನುವುದೇ ಇದನ್ನು ಆರಿಸಲು ದೊಡ್ಡ ಕಾರಣ. ಮೇಲ್ಮನವಿಯಲ್ಲಿ ಇನ್ನೂ ತೂಗಾಡುತ್ತಿರುವ ಆದೇಶದ ಸಾರ ಬರೆದರೆ ನಾಳೆ ಅದು ಬದಲಾಗಬಹುದು.

ಮೊದಲು ಓದುವ ಕ್ರಮ ಹೇಳುತ್ತೇನೆ. ಇಂಥ ಆದೇಶ ಗೊಂದಲ ಹುಟ್ಟಿಸುವುದು ಅದರಲ್ಲಿ ಮೂರು ದನಿಗಳು ಇರುವುದರಿಂದ. ಆಯೋಗಕ್ಕೆ ಮೇಲ್ನೋಟಕ್ಕೆ ಅನುಮಾನ ಬಂದರೆ ತನಿಖೆಯನ್ನು ಮಹಾನಿರ್ದೇಶಕರಿಗೆ ಒಪ್ಪಿಸುತ್ತದೆ. ಕಚೇರಿ ಭಾಷೆಯಲ್ಲಿ ಅವರನ್ನು ಡಿಜಿ ಅನ್ನುತ್ತಾರೆ. ಆದೇಶದ ಮೊದಲ ಭಾಗದಲ್ಲಿ ಡಿಜಿ ವರದಿ ಏನು ಹೇಳಿತು ಅಂತ ಇರುತ್ತದೆ. ಆಮೇಲೆ ಕಂಪನಿಗಳ ಉತ್ತರ ಬರುತ್ತದೆ, ಇದು ಪುಟಗಟ್ಟಲೆ. ಕೊನೆಗೆ ಬರುವುದು ಆಯೋಗದ ತೀರ್ಮಾನ. ಡಿಜಿ ಹೇಳಿದ್ದನ್ನೆಲ್ಲ ಆಯೋಗ ಒಪ್ಪಲೇಬೇಕು ಅಂತಿಲ್ಲ. ಆದ್ದರಿಂದ ಡಿಜಿ ವರದಿಯ ಸಾಲೊಂದನ್ನು ಎತ್ತಿ 'ಸಾಬೀತಾಗಿದೆ' ಅಂತ ಬರೆದರೆ ಸಾರವೇ ತಪ್ಪಾಗುತ್ತದೆ. ನಾನು ಕೊನೆಯ ಭಾಗವನ್ನು ಮೊದಲು ಓದುತ್ತೇನೆ. ಅದರಲ್ಲಿ ಆಯೋಗ ಯಾವ ಸಂಗತಿಯ ಮೇಲೆ ನಿಂತಿದೆ ನೋಡಿಕೊಂಡು, ಆ ಸಂಗತಿಯನ್ನು ಹುಡುಕುತ್ತಾ ಹಿಂದೆ ಹೋಗುತ್ತೇನೆ.

ಈಗ ಸಾಕ್ಷಿಗೆ ಬರೋಣ. 2011ರ ಫೆಬ್ರವರಿಯಲ್ಲಿ ಎಫ್‌ಸಿಐ ಆಯೋಗಕ್ಕೆ ಪತ್ರ ಬರೆಯಿತು. ಮಾತ್ರೆ ತಯಾರಿಸುವವರು ಒಟ್ಟಾಗಿ ದರ ಹಾಕುತ್ತಿದ್ದಾರೆ ಅನ್ನುವುದು ದೂರು. ದೇಶದಲ್ಲಿ ಈ ಮಾತ್ರೆ ತಯಾರಿಸುತ್ತಿದ್ದವು ನಾಲ್ಕೇ ಕಂಪನಿ. 2009ರ ಮೇ ತಿಂಗಳ ಟೆಂಡರಿನಲ್ಲಿ ಅವುಗಳಲ್ಲಿ ಮೂರು ದರ ಹಾಕಿದ್ದವು: ಯುಪಿಎಲ್, ಎಕ್ಸೆಲ್ ಕ್ರಾಪ್ ಕೇರ್, ಸಂಧ್ಯಾ ಆರ್ಗ್ಯಾನಿಕ್ ಕೆಮಿಕಲ್ಸ್. ಮೂರೂ ಮುಚ್ಚಿದ ಲಕೋಟೆಗಳಲ್ಲಿ ಇದ್ದದ್ದು ಒಂದೇ ದರ. ಕಿಲೋಗೆ 388 ರೂಪಾಯಿ.

ಕಂಪನಿಗಳು ಬಾಯಿ ಕಟ್ಟಿಕೊಂಡು ಕೂರಲಿಲ್ಲ. ಅವರ ವಾದವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಮಾರುವವರು ನಾಲ್ಕು ಜನ, ಕೊಳ್ಳುವವರು ಎಫ್‌ಸಿಐಯಂಥ ಕೆಲವೇ ಸಂಸ್ಥೆಗಳು. ಹಿಂದಿನ ಟೆಂಡರಿನ ದರ ಎಲ್ಲರಿಗೂ ಗೊತ್ತು. ಒಬ್ಬರನ್ನೊಬ್ಬರು ನೋಡಿಕೊಂಡೇ ವ್ಯಾಪಾರ ಮಾಡುವ ಇಂಥ ಜಾಗದಲ್ಲಿ ದರಗಳು ಹತ್ತಿರ ಹತ್ತಿರ ಬರುವುದು ಸಹಜ ಅಂದರು. ಇದು ನಿಜ ಕೂಡ. ಕುಂಬಳೆ ಪೇಟೆಯಲ್ಲಿ ಎದುರುಬದುರು ಇರುವ ಎರಡು ಹೋಟೆಲುಗಳಲ್ಲಿ ಚಹಾದ ಬೆಲೆ ಒಂದೇ ಇದ್ದರೆ ಅವರು ಕೂತು ಮಾತಾಡಿದ್ದಾರೆ ಅಂತ ಯಾರೂ ಹೇಳಲಾರರು. ಬೆಲೆ ಬೋರ್ಡಿನಲ್ಲೇ ಇದೆ, ನೋಡಿ ಹಾಕಿಕೊಂಡಿರುತ್ತಾರೆ.

ಆದರೆ ಮುಚ್ಚಿದ ಲಕೋಟೆಗೆ ಬೋರ್ಡು ಇಲ್ಲ. ಇನ್ನೊಬ್ಬ ಎಷ್ಟು ಬರೆದಿದ್ದಾನೆ ಅಂತ ನೋಡಲು ದಾರಿಯೇ ಇಲ್ಲ. ಆಯೋಗದ ತರ್ಕ ಗಟ್ಟಿಯಾಗುವುದು ಇಲ್ಲಿಂದ. ಮೂರು ಕಂಪನಿಗಳ ಕಾರ್ಖಾನೆಗಳು ಬೇರೆ ಬೇರೆ ಕಡೆ ಇವೆ. ತಯಾರಿಕೆಯ ಖರ್ಚು ಬೇರೆ, ಕಂಪನಿಗಳ ಗಾತ್ರವೂ ಬೇರೆ. ಹೀಗಿರುವಾಗ ಪ್ರತಿಯೊಬ್ಬರೂ ತಮ್ಮ ಲೆಕ್ಕ ತಾವೇ ಮಾಡಿದ್ದರೆ ಮೂರೂ ಲೆಕ್ಕ ಒಂದು ರೂಪಾಯಿಯೂ ಆಚೀಚೆ ಇಲ್ಲದೆ 388ಕ್ಕೆ ಬಂದು ನಿಲ್ಲುವುದು ಹೇಗೆ? ಇದಕ್ಕೆ ಕಂಪನಿಗಳಿಂದ ಒಪ್ಪುವಂಥ ಉತ್ತರ ಬರಲಿಲ್ಲ.

ಇದರ ಜೊತೆಗೆ ಎರಡು ಸಂಗತಿ ಸೇರಿದವು. ಒಂದು, ಹಳೆಯ ನಡವಳಿಕೆ. 2002ರಿಂದಲೂ ಎಫ್‌ಸಿಐ ಟೆಂಡರುಗಳಲ್ಲಿ ಹೆಚ್ಚಿನ ಸಲ ದರಗಳು ಒಂದೇ ಆಗಿದ್ದವು. ಆಗ ಸ್ಪರ್ಧಾ ಕಾಯಿದೆಯಲ್ಲಿ ಪೈಪೋಟಿ ಕೆಡಿಸುವ ಒಪ್ಪಂದಗಳನ್ನು ನಿಷೇಧಿಸುವ ಸೆಕ್ಷನ್ 3 ಜಾರಿಯಲ್ಲಿ ಇರಲಿಲ್ಲ, ಆದ್ದರಿಂದ ಆ ವರ್ಷಗಳಿಗೆ ಶಿಕ್ಷೆ ಇಲ್ಲ. ಆದರೆ 2009ರಲ್ಲಿ ನಡೆದದ್ದು ಆಕಸ್ಮಿಕವಾ ಅಂತ ತೂಗಿ ನೋಡಲು ಹಳೆಯ ದಾಖಲೆ ಹಿನ್ನೆಲೆಯಾಗಿ ಬಳಕೆಯಾಯಿತು. ಇನ್ನೊಂದು, ಎಫ್‌ಸಿಐ ಕಚೇರಿಗೆ ಬಂದುಹೋಗುವವರು ಬರೆಯುವ ರಿಜಿಸ್ಟರ್. ಟೆಂಡರ್ ಕೊಡಲು ಬಂದಾಗ ಮೂರೂ ಕಂಪನಿಗಳ ಕಡೆಯವರ ನಮೂದು ಅದರಲ್ಲಿ ಒಟ್ಟಿಗೇ ಇತ್ತು. ಪೈಪೋಟಿಗೆ ಬಂದವರು ಜೊತೆಯಾಗಿ ಬಂದಿದ್ದಾರೆ ಅಂತಾಯಿತು. ಗೇಟಿನ ಪುಸ್ತಕದ ಒಂದು ಸಾಲು ಇಷ್ಟು ದೊಡ್ಡ ಪ್ರಕರಣದಲ್ಲಿ ಕೆಲಸಕ್ಕೆ ಬಂತು ಅನ್ನುವುದನ್ನು ನಿಮ್ಮ ಸಾರದಲ್ಲಿ ಬಿಡಬೇಡಿ. ಸದಸ್ಯರಿಗೆ ಥಟ್ಟನೆ ಅರ್ಥವಾಗುವುದು ಇದೇ.

ಗಮನಿಸಿ, ಇಲ್ಲಿ ಬರೆದ ಒಪ್ಪಂದ ಇಲ್ಲ. 'ಇಷ್ಟೇ ಹಾಕೋಣ' ಅಂತ ಬರೆದ ಪತ್ರ ಇಲ್ಲ. ಕಾಯಿದೆಗೆ ಅದು ಬೇಕಾಗಿಯೂ ಇಲ್ಲ. ಸೆಕ್ಷನ್ 2ರಲ್ಲಿ 'ಒಪ್ಪಂದ' ಅಂದರೆ ಬಾಯಿಮಾತಿನ ಹೊಂದಾಣಿಕೆ, ಸೇರಿ ಮಾಡಿದ ಕೆಲಸ ಎಲ್ಲವೂ ಬರುತ್ತದೆ. ಕ್ರಿಮಿನಲ್ ಕೇಸಿನ ಹಾಗೆ ಸಂಶಯಕ್ಕೆ ಎಡೆಯೇ ಇಲ್ಲದಷ್ಟು ಸಾಬೀತು ಮಾಡಬೇಕಿಲ್ಲ. ಸುತ್ತಲಿನ ಸಂಗತಿಗಳನ್ನೆಲ್ಲ ಸೇರಿಸಿ ನೋಡಿದಾಗ ಒಳ ಒಪ್ಪಂದ ಆಗಿರುವ ಸಾಧ್ಯತೆಯೇ ಜಾಸ್ತಿ ಅನ್ನಿಸಿದರೆ ಸಾಕು. ಆದ್ದರಿಂದ ನಿಮ್ಮ ಸಾರದಲ್ಲಿ 'ಕಂಪನಿಗಳು ಸಭೆ ಸೇರಿ ದರ ನಿಗದಿ ಮಾಡಿದವು' ಅಂತ ಬರೆಯಬೇಡಿ. 'ಸಂಗತಿಗಳಿಂದ ಒಪ್ಪಂದ ಇತ್ತೆಂದು ಆಯೋಗ ತೀರ್ಮಾನಿಸಿತು' ಅಂತ ಬರೆಯಿರಿ. ಈ ಎರಡು ವಾಕ್ಯಗಳ ನಡುವೆ ಬಹಳ ಅಂತರ ಇದೆ.

ತಾರೀಕಿನ ಒಂದು ತಕರಾರೂ ಇತ್ತು. ಸೆಕ್ಷನ್ 3 ಜಾರಿಗೆ ಬಂದದ್ದು 2009ರ ಮೇ 20ಕ್ಕೆ. ಲಕೋಟೆ ಕೊಟ್ಟದ್ದು ಅದಕ್ಕಿಂತ ಮೊದಲು. ಹಾಗಾದರೆ ಕಾನೂನೇ ಇಲ್ಲದ ದಿನದ ಕೆಲಸಕ್ಕೆ ದಂಡ ಹೇಗೆ ಅಂತ ಕಂಪನಿಗಳು ಕೇಳಿದವು. ಆದರೆ ದರದ ಲಕೋಟೆ ಒಡೆದದ್ದು, ಚೌಕಾಸಿ ಮಾಡಿದ್ದು ಎಲ್ಲ ಜೂನ್‌ನಲ್ಲಿ. ಅಷ್ಟರಲ್ಲಿ ಕಾನೂನು ಬಂದಿತ್ತು, ಆಗಲೂ ಅವರು ಅದೇ ಹೊಂದಾಣಿಕೆಯಂತೆಯೇ ವ್ಯವಹರಿಸಿದರು. ಒಪ್ಪಂದದ ಪರಿಣಾಮ ಮುಂದುವರಿದಿತ್ತು ಅಂತ ಹೇಳಿ ಸುಪ್ರೀಂ ಕೋರ್ಟ್ ಈ ತಕರಾರನ್ನು ತಳ್ಳಿಹಾಕಿತು.

ಒಂದೇ ದರ ಹಾಕಿದರೆ ಅಷ್ಟಕ್ಕೇ ತಪ್ಪಾ ಅಂತ ಕೇಳಿದ್ದೀರಿ. ಅಲ್ಲ. ಇದಕ್ಕೆ ಇನ್ನೊಂದು ತೀರ್ಪನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಇಂಡಿಯನ್ ಆಯಿಲ್‌ಗೆ 14.2 ಕೆಜಿ ಗ್ಯಾಸ್ ಸಿಲಿಂಡರ್ ಮಾಡಿಕೊಡುವವರ ಮೇಲೂ ಆಯೋಗ 2012ರಲ್ಲೇ ದಂಡ ಹಾಕಿತ್ತು. ಅಲ್ಲೂ ದರಗಳು ಒಂದೇ ಥರ ಇದ್ದವು. ಟೆಂಡರಿಗೆ ಮೊದಲು ಮುಂಬೈಯ ಹೋಟೆಲೊಂದರಲ್ಲಿ ಸಭೆ ಕೂಡ ನಡೆದಿತ್ತು. ಆದರೂ 2018ರ ಅಕ್ಟೋಬರ್ 1ಕ್ಕೆ ಸುಪ್ರೀಂ ಕೋರ್ಟ್ ಕಂಪನಿಗಳನ್ನು ಬಿಟ್ಟುಬಿಟ್ಟಿತು. ಕೊಳ್ಳುವವರು ಮೂರೇ ತೈಲ ಕಂಪನಿಗಳು, ಯಾರಿಂದ ಎಷ್ಟು, ಯಾವ ದರಕ್ಕೆ ಅನ್ನುವುದರಲ್ಲಿ ಇಂಡಿಯನ್ ಆಯಿಲ್‌ನ ಹಿಡಿತವೇ ದೊಡ್ಡದು, ಹೀಗಿರುವ ಜಾಗದಲ್ಲಿ ದರ ಒಂದೇ ಆಗುವುದಕ್ಕೆ ಬೇರೆ ಕಾರಣವೂ ಸಾಧ್ಯ ಅಂತ ಹೇಳಿತು. ಅಂದರೆ ಒಂದೇ ದರ ಅನುಮಾನಕ್ಕೆ ಬಾಗಿಲು ತೆರೆಯುತ್ತದೆ. ಅದನ್ನು ವಿವರಿಸುವ ಬೇರೆ ಕಾರಣ ಇದೆಯಾ, ಒಪ್ಪಂದದ ಕಡೆಗೆ ಬೆರಳು ತೋರಿಸುವ ಹೆಚ್ಚಿನ ಸಂಗತಿ ಇದೆಯಾ ಅನ್ನುವುದರ ಮೇಲೆ ತೀರ್ಮಾನ ನಿಲ್ಲುತ್ತದೆ. ಮಾತ್ರೆಯ ಪ್ರಕರಣದಲ್ಲಿ ಆ ಹೆಚ್ಚಿನ ಸಂಗತಿಗಳು ನಿಂತವು, ಸಿಲಿಂಡರಿನಲ್ಲಿ ನಿಲ್ಲಲಿಲ್ಲ.

ಮಾರುಕಟ್ಟೆಯ ವಿಷಯವನ್ನು ಜಾಸ್ತಿ ಎಳೆಯಬೇಡಿ. ಒಬ್ಬನೇ ದೊಡ್ಡ ವ್ಯಾಪಾರಿ ತನ್ನ ಬಲವನ್ನು ದುರುಪಯೋಗ ಮಾಡಿದ ಅನ್ನುವ ಕೇಸಿನಲ್ಲಿ, ಅಂದರೆ ಸೆಕ್ಷನ್ 4ರಲ್ಲಿ, ಮಾರುಕಟ್ಟೆಯ ಗಡಿ ಎಳೆಯದೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಯಾವ ಮಾರುಕಟ್ಟೆಯಲ್ಲಿ ದೊಡ್ಡವನು ಅಂತ ಹೇಳಲೇಬೇಕು ಅಲ್ವಾ? ಬೆಲೆ ಒಪ್ಪಂದ, ಟೆಂಡರ್ ಹೊಂದಾಣಿಕೆ ಬರುವುದು ಸೆಕ್ಷನ್ 3(3)ರಲ್ಲಿ. ಪೈಪೋಟಿ ಮಾಡಬೇಕಾದವರೇ ಕೈಜೋಡಿಸಿದ್ದಾರೆ ಅಂತ ಒಮ್ಮೆ ಸಾಬೀತಾದರೆ ಅದರಿಂದ ಪೈಪೋಟಿಗೆ ಪೆಟ್ಟು ಬಿದ್ದಿದೆ ಅಂತ ಕಾಯಿದೆಯೇ ಊಹಿಸಿಕೊಳ್ಳುತ್ತದೆ. ಇಲ್ಲ ಅಂತ ತೋರಿಸುವ ಹೊಣೆ ಆಮೇಲೆ ಕಂಪನಿಯ ಮೇಲೆ. ಹಾಗಾಗಿ ಇಂಥ ಆದೇಶಗಳಲ್ಲಿ ಮಾರುಕಟ್ಟೆಯ ವಿವರಣೆ ಕೆಲವೊಮ್ಮೆ ಬಹಳ ಚಿಕ್ಕದಾಗಿರುತ್ತದೆ. ಪುಟ ಕಾಣೆಯಾಗಿದೆ ಅಂತ ಹುಡುಕಬೇಡಿ.

ಆದರೂ ಎರಡು ಕೆಲಸಕ್ಕೆ ಮಾರುಕಟ್ಟೆ ಬೇಕೇ ಬೇಕು. ಈ ಕಂಪನಿಗಳು ನಿಜವಾಗಿ ಒಬ್ಬರಿಗೊಬ್ಬರು ಪೈಪೋಟಿಯವರಾ ಅಂತ ತಿಳಿಯಲು ಮೊದಲನೆಯದಾಗಿ ಬೇಕು. ಇಲ್ಲಿ ಅದು ಸುಲಭ: ಒಂದೇ ಮಾತ್ರೆ, ಒಂದೇ ಟೆಂಡರ್. ಈ ಮಾತ್ರೆಯನ್ನು ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವ ಹಾಗಿಲ್ಲ. ಸರ್ಕಾರಿ ಗೋದಾಮುಗಳೂ ಅನುಮತಿ ಪಡೆದ ಕೀಟ ನಿಯಂತ್ರಣದವರೂ ಬಳಸುವಂಥದ್ದು. ಕೊಳ್ಳುವವರ ವಲಯ ಸಣ್ಣದಾಗಿದ್ದಷ್ಟೂ ಹೊಂದಾಣಿಕೆ ಸುಲಭ. ಮಾರುಕಟ್ಟೆಯ ಎರಡನೇ ಕೆಲಸ ದಂಡದ ಲೆಕ್ಕದಲ್ಲಿ. ಇಡೀ ಪ್ರಕರಣ ಕಾನೂನಿನ ಚರಿತ್ರೆಯಲ್ಲಿ ಉಳಿದದ್ದೇ ಅದರಿಂದ.

ಆಗಿನ ಸೆಕ್ಷನ್ 27 ಹೇಳುತ್ತಿದ್ದದ್ದು ಇಷ್ಟು: ಹಿಂದಿನ ಮೂರು ವರ್ಷಗಳ ಸರಾಸರಿ ವಹಿವಾಟಿನ ಶೇ. 10ರವರೆಗೆ ದಂಡ ಹಾಕಬಹುದು. ಆಯೋಗ ಶೇ. 9 ಹಾಕಿತು, ಅಂದರೆ ಹೆಚ್ಚು ಕಡಿಮೆ ಗರಿಷ್ಠ ಮಿತಿಯ ಹತ್ತಿರ. ಟೆಂಡರಿನಲ್ಲಿ ಕೈಜೋಡಿಸುವುದು ಈ ಕಾಯಿದೆಯ ಕಣ್ಣಿನಲ್ಲಿ ಅತಿ ಕೆಟ್ಟ ತಪ್ಪುಗಳಲ್ಲಿ ಒಂದು, ಅದೂ ಸಾರ್ವಜನಿಕ ದುಡ್ಡಿನಲ್ಲಿ ನಡೆಯುವ ಧಾನ್ಯ ರಕ್ಷಣೆಯ ಖರೀದಿಯಲ್ಲಿ. ಯುಪಿಎಲ್‌ಗೆ 252.44 ಕೋಟಿ, ಎಕ್ಸೆಲ್‌ಗೆ 63.90 ಕೋಟಿ, ಸಂಧ್ಯಾಗೆ 1.57 ಕೋಟಿ ರೂಪಾಯಿ ದಂಡ ಬಿತ್ತು.

ತಪ್ಪು ಒಂದೇ, ಶೇಕಡಾವಾರು ಒಂದೇ, ದಂಡದಲ್ಲಿ ಮಾತ್ರ ಅಜಗಜಾಂತರ. ಯಾಕೆ? ಆಯೋಗ ಲೆಕ್ಕಕ್ಕೆ ತೆಗೆದುಕೊಂಡದ್ದು ಕಂಪನಿಯ ಇಡೀ ವಹಿವಾಟನ್ನು. ಯುಪಿಎಲ್ ಹತ್ತಾರು ಕೀಟನಾಶಕ, ರಾಸಾಯನಿಕ ಮಾರುವ ದೊಡ್ಡ ಕಂಪನಿ. ಮಾತ್ರೆ ಅದರ ವ್ಯಾಪಾರದ ಒಂದು ಚೂರು. ಕಂಪನಿಗಳು ಮೇಲ್ಮನವಿ ಹೋದವು. 2013ರ ಅಕ್ಟೋಬರಿನಲ್ಲಿ ನ್ಯಾಯಮಂಡಳಿ ಹೇಳಿತು: ತಪ್ಪು ನಡೆದದ್ದು ನಿಜ, ಶೇ. 9 ಕೂಡ ಸರಿ, ಆದರೆ ಅದನ್ನು ಮಾತ್ರೆಯ ವಹಿವಾಟಿನ ಮೇಲೆ ಮಾತ್ರ ಹಾಕಬೇಕು. ಇದನ್ನೇ 'ಸಂಬಂಧಪಟ್ಟ ವಹಿವಾಟು' ಅನ್ನುತ್ತಾರೆ. ಯುಪಿಎಲ್‌ನ ದಂಡ 6.94 ಕೋಟಿಗೆ ಇಳಿಯಿತು, ಎಕ್ಸೆಲ್‌ನದು 2.92 ಕೋಟಿಗೆ.

ಈ ಅಂಕಿಗಳನ್ನು ಹಿಂದಕ್ಕೆ ಲೆಕ್ಕ ಹಾಕಿ ನೋಡಿ. 252.44 ಕೋಟಿ ಶೇ. 9 ಆದರೆ ಇಡೀ ವಹಿವಾಟು ಸುಮಾರು 2,805 ಕೋಟಿ. 6.94 ಕೋಟಿ ಶೇ. 9 ಆದರೆ ಮಾತ್ರೆಯ ವಹಿವಾಟು ಸುಮಾರು 77 ಕೋಟಿ. ಅಂದರೆ ಯುಪಿಎಲ್‌ನ ವ್ಯಾಪಾರದಲ್ಲಿ ಮಾತ್ರೆಯ ಪಾಲು ನೂರಕ್ಕೆ ಮೂರೂ ಇಲ್ಲ. ಯಾವ ಆದೇಶ ಓದುವಾಗಲೂ ಈ ಲೆಕ್ಕವನ್ನು ಕಾಗದದ ಮೂಲೆಯಲ್ಲಿ ಮಾಡಿಕೊಳ್ಳಿ. ದಂಡವನ್ನು ಶೇಕಡಾವಾರಿನಿಂದ ಭಾಗಿಸಿದರೆ ಯಾವ ವಹಿವಾಟಿನ ಮೇಲೆ ಹಾಕಿದ್ದಾರೆ ಅಂತ ತಾನಾಗಿ ಹೊರಬರುತ್ತದೆ.

ಸಂಧ್ಯಾ ಕಂಪನಿಯ ದಂಡವನ್ನು ನ್ಯಾಯಮಂಡಳಿ ಹತ್ತನೇ ಒಂದು ಭಾಗಕ್ಕೆ, 15.70 ಲಕ್ಷಕ್ಕೆ, ಇಳಿಸಿತು. ಬರೀ ವಹಿವಾಟಿನ ವ್ಯಾಖ್ಯೆಯಿಂದ ಸಣ್ಣ ಕಂಪನಿಗೆ ದೊಡ್ಡ ಲಾಭ ಆಗುವುದಿಲ್ಲ, ಅದಕ್ಕೆ ಬೇರೆ ಕನಿಕರ ಬೇಕಾಗುತ್ತದೆ ಅನ್ನುವುದನ್ನು ಇದು ತೋರಿಸುತ್ತದೆ.

ಆಯೋಗ ಸುಪ್ರೀಂ ಕೋರ್ಟಿಗೆ ಹೋಯಿತು. ಕಾಯಿದೆಯಲ್ಲಿ 'ವಹಿವಾಟು' ಅಂತ ಮಾತ್ರ ಇದೆ, 'ಸಂಬಂಧಪಟ್ಟ' ಅನ್ನುವ ಪದ ನೀವೇ ಸೇರಿಸಿದ್ದು ಅನ್ನುವುದು ಅದರ ವಾದ. ಅಕ್ಷರಕ್ಕೆ ಅಕ್ಷರ ನೋಡಿದರೆ ಆಯೋಗ ಹೇಳಿದ್ದರಲ್ಲಿ ಹುರುಳಿತ್ತು. ಆದರೆ ನ್ಯಾಯಮೂರ್ತಿ ಸಿಕ್ರಿ ತೂಗಿದ್ದು ದಂಡ ಮತ್ತು ತಪ್ಪಿನ ನಡುವಿನ ಅಳತೆಯನ್ನು. ಒಂದೇ ತಪ್ಪಿಗೆ, ಹಲವು ವಸ್ತು ಮಾರುವವನಿಗೆ ಭಾರಿ ದಂಡ, ಒಂದೇ ವಸ್ತು ಮಾರುವವನಿಗೆ ಸಣ್ಣ ದಂಡ ಅಂದರೆ ನ್ಯಾಯ ಎಲ್ಲಿ? ಬೇರೆ ವಸ್ತುಗಳ ವ್ಯಾಪಾರದಲ್ಲಿ ಅವನು ತಪ್ಪೇ ಮಾಡಿಲ್ಲ. ದಂಡದ ಕಾನೂನಿನಲ್ಲಿ ಎರಡು ಅರ್ಥ ಸಾಧ್ಯವಿದ್ದರೆ ದಂಡ ತೆರುವವನಿಗೆ ಹಗುರವಾದದ್ದನ್ನು ಹಿಡಿಯಬೇಕು ಅಂದರು. ನ್ಯಾಯಮೂರ್ತಿ ರಮಣ ಬೇರೆಯಾಗಿ ಬರೆದು ದಾರಿ ತೋರಿಸಿದರು: ಮೊದಲು ಸಂಬಂಧಪಟ್ಟ ವಹಿವಾಟು ಗುರುತಿಸಿ, ಆಮೇಲೆ ತಪ್ಪನ್ನು ಹೆಚ್ಚಿಸುವ, ತಗ್ಗಿಸುವ ಸಂಗತಿ ನೋಡಿ ಶೇಕಡಾವಾರು ನಿಶ್ಚಯಿಸಿ. ಹೀಗೆ ತಪ್ಪು ಮಾಡಿದ್ದಾರೆ ಅನ್ನುವ ಭಾಗದಲ್ಲಿ ಆಯೋಗ ಗೆದ್ದಿತು, ದಂಡದ ಭಾಗದಲ್ಲಿ ಸೋತಿತು. ಬರೀ 2012ರ ಆದೇಶ ಓದಿ '252 ಕೋಟಿ ದಂಡ' ಅಂತ ಬರೆದವರ ಸಾರ ಅರ್ಧ ಸತ್ಯವಾಗುವುದು ಇದಕ್ಕೇ.

ನನ್ನ ಅಭಿಪ್ರಾಯ ಕೇಳಿದರೆ, ತತ್ವ ಸರಿ, ಫಲ ಸಪ್ಪೆ. ಎರಡೂವರೆ ಸಾವಿರ ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗೆ 7 ಕೋಟಿ ಹೆದರಿಕೆ ಹುಟ್ಟಿಸುವುದಿಲ್ಲ. ಸಂಸತ್ತಿಗೂ ಹಾಗೇ ಅನ್ನಿಸಿರಬೇಕು. 2023ರಲ್ಲಿ ಕಾಯಿದೆ ತಿದ್ದುಪಡಿಯಾಯಿತು, 2024ರ ಮಾರ್ಚ್ 6ರಿಂದ ದಂಡದ ಹೊಸ ನಿಯಮ ಬಂದಿದೆ. ಈಗ ಸಂಬಂಧಪಟ್ಟ ವಹಿವಾಟಿನ ಸರಾಸರಿಯ ಶೇ. 30ರವರೆಗೆ ದಂಡದ ಲೆಕ್ಕ ಶುರುವಾಗಬಹುದು. ಕಾಯಿದೆಯ ಗರಿಷ್ಠ ಮಿತಿಯನ್ನು ನೋಡುವಾಗ ಎಲ್ಲ ವಸ್ತುಗಳಿಂದ, ಪ್ರಪಂಚದ ಎಲ್ಲ ಕಡೆಯಿಂದ ಬಂದ ವಹಿವಾಟು ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಸಾರದಲ್ಲಿ '2017ರ ಈ ಲೆಕ್ಕ ಹಳೆಯ ಸೆಕ್ಷನ್ 27ರ ಪ್ರಕಾರ' ಅಂತ ಒಂದು ಸಾಲು ಇರಲೇಬೇಕು. ಇಲ್ಲದಿದ್ದರೆ ಸದಸ್ಯರು ಸಣ್ಣ ದಂಡ ಅಂತ ನಿರಾಳವಾಗಿ ಕೂರುತ್ತಾರೆ.

ಇನ್ನು ನಿಮ್ಮ ದರಪಟ್ಟಿ. ಸೆಕ್ಷನ್ 3(3) ಕಂಪನಿಗಳಿಗೆ ಮಾತ್ರ ಅಲ್ಲ, ವ್ಯಕ್ತಿಗಳ ಸಂಘಕ್ಕೂ ಅನ್ವಯಿಸುತ್ತದೆ. ಸರ್ಕಾರ ಪ್ರಕಟಿಸಿದ ದರಗಳನ್ನು ಕನ್ನಡಕ್ಕೆ ಇಳಿಸಿ ಹಂಚಿದರೆ, ಜಲ್ಲಿ, ಸಿಮೆಂಟು ಈಗ ಎಷ್ಟಿದೆ ಅಂತ ತಿಳಿಸಿದರೆ ತೊಂದರೆ ಇಲ್ಲ. 'ಇದಕ್ಕಿಂತ ಕಡಿಮೆಗೆ ಯಾರೂ ಹಾಕಬಾರದು' ಅಂತ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದರೆ ಅದು ನೇರ ಸಾಕ್ಷಿ. ಮಾತ್ರೆಯ ಪ್ರಕರಣದಲ್ಲಿ ಆಯೋಗಕ್ಕೆ ಅಂಥದ್ದು ಸಿಕ್ಕಿರಲಿಲ್ಲ, ನಿಮ್ಮಲ್ಲಿ ಸುಲಭವಾಗಿ ಸಿಕ್ಕಿಬಿಡುತ್ತದೆ. ಪಂಚಾಯತಿನ ರಸ್ತೆ ಕೆಲಸಕ್ಕೆ ಈ ಸಲ ನೀನು, ಮುಂದಿನ ಸಲ ನಾನು ಅಂತ ಹಂಚಿಕೊಳ್ಳುವುದು, ಒಬ್ಬ ಗೆಲ್ಲಲಿ ಅಂತ ಉಳಿದವರು ಬೇಕೆಂದೇ ಜಾಸ್ತಿ ದರ ಹಾಕುವುದು, ಇವೂ ಟೆಂಡರ್ ಹೊಂದಾಣಿಕೆಯೇ. ದರ ಒಂದೇ ಆಗಿರಬೇಕು ಅಂತಿಲ್ಲ. ಸಂಘದ ತಪ್ಪಿಗೆ ಪದಾಧಿಕಾರಿಗಳನ್ನೂ ಹೊಣೆ ಮಾಡಲು ಸೆಕ್ಷನ್ 48 ಇದೆ, ಕಾರ್ಯದರ್ಶಿಯಾದ ನೀವು ಅದನ್ನು ಓದಿಕೊಳ್ಳಬೇಕು. ಈಗಿರುವ ದರಪಟ್ಟಿಯಲ್ಲಿ ಕನಿಷ್ಠ ದರ ಅನ್ನುವ ಕಲಂ ಇದ್ದರೆ ಸಾರ ಹಂಚುವ ಮೊದಲೇ ಅದನ್ನು ನಿಲ್ಲಿಸಿ, ವಕೀಲರೊಬ್ಬರಿಗೆ ಪಟ್ಟಿ ಮತ್ತು ನಡಾವಳಿ ಪುಸ್ತಕ ಎರಡನ್ನೂ ಇದ್ದ ಹಾಗೇ ತೋರಿಸಿ. ಹಳೆಯ ಪುಟಗಳನ್ನು ಹರಿಯಲು, ತಿದ್ದಲು ಮಾತ್ರ ಹೋಗಬೇಡಿ.